ಇಂಟರ್ನ್‌ಶಿಪ್‌ಗೆ ಅರ್ಜಿ: ಜುಲೈನಿಂದ ಆರು ತಿಂಗಳು (ಪೋರ್ಟ್‌ಫೋಲಿಯೊ ಲಗತ್ತಿಸಿದೆ)

ಮೈಸೂರು
9 ಜೂನ್ 2025

ಮಾನ್ಯ ಪ್ರಧಾನ ವಾಸ್ತುಶಿಲ್ಪಿಗಳಿಗೆ,

ನಮಸ್ಕಾರ. ಕಳೆದ ನವೆಂಬರ್‌ನಲ್ಲಿ ನೀವು ಅಗ್ರಹಾರದ ಹಳೆ ಮನೆಯೊಂದನ್ನು ದುರಸ್ತಿ ಮಾಡಿಸುತ್ತಿದ್ದಾಗ ನಮ್ಮ ತರಗತಿಯನ್ನು ಒಳಗೆ ಬಿಟ್ಟಿದ್ದಿರಿ. ಹಿಂಬದಿಯ ಗೋಡೆಯ ಮೇಲೆ ಅಂಗೈಯಗಲದ ಐದು ಗಾರೆ ಮಾದರಿಗಳಿದ್ದವು. ಪ್ರತಿಯೊಂದರ ಕೆಳಗೂ ಪೆನ್ಸಿಲ್‌ನಲ್ಲಿ ತಾರೀಖು. ಯಾವುದನ್ನು ಆರಿಸುತ್ತೀರಿ ಎಂದು ಕೇಳಿದ್ದಕ್ಕೆ ಮೇಸ್ತ್ರಿಗಳು, "ಇನ್ನೂ ಒಣಗ್ತಾ ಇದೆ, ಈಗಲೇ ಹೇಳೋಕಾಗಲ್ಲ" ಅಂದರು. ಐದು ವರ್ಷದ ಬಿ.ಆರ್ಕ್‌ನಲ್ಲಿ ಎಲ್ಲ ಸಬ್ಮಿಷನ್ನೂ ಹಿಂದಿನ ರಾತ್ರಿಯೇ ಮುಗಿಸಿದ ನನಗೆ ಆ ಉತ್ತರ ಇನ್ನೂ ಕಾಡುತ್ತಿದೆ. ನಿಮ್ಮಲ್ಲೇ ಕೆಲಸ ಕಲಿಯಬೇಕು ಅನ್ನಿಸಿದ್ದು ಅಲ್ಲಿ.

ಕಳೆದ ತಿಂಗಳು ಕೊನೆಯ ಪರೀಕ್ಷೆ ಮುಗಿಯಿತು. ಪೋರ್ಟ್‌ಫೋಲಿಯೊ 24 ಪುಟಗಳದ್ದು. ಪೂರ್ತಿ ನೋಡಲು ಬಿಡುವಿಲ್ಲದಿದ್ದರೆ ದಯವಿಟ್ಟು 8 ಮತ್ತು 9ನೇ ಪುಟಗಳನ್ನಾದರೂ ನೋಡಿ.

ಅದು ಸಾಗರದ ಕಡೆ ಇರುವ ನಮ್ಮ ಅಜ್ಜನ ತೊಟ್ಟಿಮನೆ. ಮಣ್ಣಿನ ಗೋಡೆ, ಮರದ ಪಕಾಸು, ಮಂಗಳೂರು ಹೆಂಚು. ಮೂರನೇ ವರ್ಷದಲ್ಲಿ ನಾನು ಮತ್ತು ನನ್ನ ಗೆಳತಿ ಟೇಪು, ರಸಮಟ್ಟ, ನೀರು ತುಂಬಿದ ಪೈಪು ಹಿಡಿದು ಎರಡು ದಿನ ಅಳೆದೆವು. ತೊಟ್ಟಿಯ ನಾಲ್ಕೂ ಬದಿ ಅಳೆದು, ಎದುರುಬದುರು ಸರಿಹೊಂದಿತಲ್ಲ ಎಂದು ಆಯತವೇ ಅಂದುಕೊಂಡು ಮೈಸೂರಿಗೆ ಬಂದೆವು. ಡ್ರಾಯಿಂಗ್ ಮಾಡುವಾಗ ಪಡಸಾಲೆಯ ಗೋಡೆ 9 ಸೆಂ.ಮೀ. ಆಚೆ ಹೋಗಿ ನಿಂತಿತು. ನಾನು ಅದನ್ನು ಎಳೆದು ಕೂಡಿಸಿ ಸಲ್ಲಿಸಿಬಿಟ್ಟೆ. ಅಂಕವೂ ಬಂತು.

ಮನಸ್ಸು ಮಾತ್ರ ತಡೆಯಲಿಲ್ಲ. ರಜೆಯಲ್ಲಿ ಹೋಗಿ ಮೂಲೆಯಿಂದ ಮೂಲೆಗೆ ಟೇಪು ಹಿಡಿದೆ. ಒಂದು ಕರ್ಣ ಇನ್ನೊಂದಕ್ಕಿಂತ 14 ಸೆಂ.ಮೀ. ಉದ್ದ. ತೊಟ್ಟಿಯೇ ಸೊಟ್ಟ! ಎರಡು ಮಾಡು ಕೂಡುವ ಆ ಒಳಮೂಲೆಯಲ್ಲಿ ಹೆಂಚುಗಳು ಸರಿಯಾಗಿ ಕೂರದೆ ಪ್ರತಿ ಮಳೆಗಾಲಕ್ಕೂ ಸೋರುತ್ತಿದ್ದುದಕ್ಕೆ ಕಾರಣ ಸಿಕ್ಕಿತು. "ಸೊಟ್ಟ ಅಂತ ನಂಗೆ ಮೊದ್ಲೇ ಗೊತ್ತಿತ್ತು, ನೀನು ಕೇಳ್ಲೇ ಇಲ್ವಲ್ಲ" ಅಂದರು ಅಜ್ಜಿ. 8ನೇ ಪುಟದಲ್ಲಿ ತಪ್ಪು ನಕ್ಷೆ, 9ರಲ್ಲಿ ತಿದ್ದಿದ್ದು. ತಪ್ಪಿದ್ದನ್ನು ತೆಗೆದುಹಾಕು ಅಂತ ಗೆಳೆಯರು ಹೇಳಿದರು, ನಾನು ತೆಗೆಯಲಿಲ್ಲ.

ಥೀಸಿಸ್ ತಿ. ನರಸೀಪುರದ ಕಡೆಯ ಹೋಬಳಿ ಊರೊಂದರ ವಾರದ ಸಂತೆಯ ಬಗ್ಗೆ (15ರಿಂದ 22ನೇ ಪುಟ). ಮೊದಲ ವಿನ್ಯಾಸದಲ್ಲಿ ಸಾಲಾಗಿ ಕಟ್ಟೆಗಳನ್ನಿಟ್ಟಿದ್ದೆ. ಸೊಪ್ಪು ಮಾರುವವರೊಬ್ಬರು ನಕ್ಷೆ ನೋಡಿ, "ಹಿಂಗೆಲ್ಲಾ ಕಟ್ಟೆ ಕಟ್ಟಿಬಿಟ್ರೆ ಮೂಟೆ ಇಳ್ಸೋಕೆ ಗಾಡಿ ಎಲ್ಲಿಗ್ ಬರ್ಬೇಕವ್ವಾ?" ಅಂದರು. ಕಟ್ಟೆಗಳು ಹೋದವು. ಈಗ ಉಳಿದಿರುವುದು ಮಾಡು, ಮಳೆನೀರಿನ ಚರಂಡಿ, ಗಾಡಿ ತಿರುಗುವಷ್ಟು ಜಾಗ. ರೆಂಡರ್‌ಗಳು ಅಷ್ಟೇನೂ ಚೆನ್ನಾಗಿಲ್ಲ, ಸೆಕ್ಷನ್‌ಗಳನ್ನು ನೋಡಿ. ಗುಂಪಿನಲ್ಲಿ ಮಾಡಿದ ಕೆಲಸಗಳಲ್ಲಿ ನಾನು ಬರೆದ ಹಾಳೆ ಯಾವುದು ಎಂದು ಪ್ರತಿ ಪುಟದ ಕೆಳಗೆ ನಮೂದಿಸಿದ್ದೇನೆ.

ಕೋರ್ಸಿನ ಭಾಗವಾಗಿ ಬೆಂಗಳೂರಿನ ದೊಡ್ಡ ಕಚೇರಿಯೊಂದರಲ್ಲಿ ನಾಲ್ಕು ತಿಂಗಳಿದ್ದೆ. ಬಾಗಿಲು-ಕಿಟಕಿಗಳ ಪಟ್ಟಿ ಮಾಡುವುದರಲ್ಲೇ ಹೆಚ್ಚಿನ ಸಮಯ ಹೋಯಿತು, ಸೈಟಿಗೆ ಹೋದದ್ದು ಎರಡೇ ಸಲ. ಆದರೂ ಲೇಯರ್‌ಗಳನ್ನು ಅಚ್ಚುಕಟ್ಟಾಗಿಡುವುದು, ರಿವಿಷನ್ ನಂಬರ್ ತಪ್ಪದೆ ಹಾಕುವುದು ಅಲ್ಲೇ ರೂಢಿಯಾಯಿತು. ಆಟೋಕ್ಯಾಡ್, ಸ್ಕೆಚ್‌ಅಪ್ ಚೆನ್ನಾಗಿ ಬರುತ್ತವೆ. ರೆವಿಟ್ ಬರುವುದಿಲ್ಲ. ಕನ್ನಡದಲ್ಲಿ ಮೇಸ್ತ್ರಿಗಳ ಜೊತೆ ಮಾತಾಡಿ ವಿಷಯ ತಿಳಿದುಕೊಳ್ಳಲು ಬರುತ್ತದೆ, ಇದನ್ನೂ ಒಂದು ಅರ್ಹತೆ ಅಂತಲೇ ಎಣಿಸುತ್ತೇನೆ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯದ್ದು. ಉಳಿಸಬೇಕು, ಕೆಡವಬೇಕು ಎಂಬ ಎರಡೂ ವಾದಗಳನ್ನು ಕಾಲೇಜಿನಲ್ಲಿ ಸಾಕಷ್ಟು ಮಾಡಿದ್ದೇನೆ. ಆದರೆ ಒಂದು ಹಳೆ ಗೋಡೆಯನ್ನು ಮುಟ್ಟಿ, ತಟ್ಟಿ ನೋಡಿ, ಇದು ನಿಲ್ಲುತ್ತದೋ ಇಲ್ಲವೋ ಹೇಳಲು ನನಗೆ ಬರುವುದಿಲ್ಲ. ನಿಮ್ಮಲ್ಲಿ ಕಲಿಯಬೇಕಿರುವುದು ಇದನ್ನೇ. ಅಳತೆ, ಡ್ರಾಯಿಂಗ್, ಸೈಟಿನ ದಾಖಲೆ, ಏನು ಕೊಟ್ಟರೂ ಮಾಡುತ್ತೇನೆ. ವಾರದಲ್ಲಿ ಎರಡು ದಿನವಾದರೂ ಸೈಟಿಗೆ ಕಳಿಸಿದರೆ ಉಪಕಾರ.

ಜುಲೈ 1ರಿಂದ ಬರಬಲ್ಲೆ. ಮೈಸೂರಿನಲ್ಲೇ ಬಾಡಿಗೆ ಕೋಣೆಯಲ್ಲಿದ್ದೇನೆ, ಹಾಗಾಗಿ ಬಾಡಿಗೆ ಮತ್ತು ಊಟಕ್ಕಾಗುವಷ್ಟು ಸ್ಟೈಪೆಂಡ್ ಬೇಕಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು ಅನ್ನಿಸಿತು. ಕರೆದರೆ ಮೂಲ ಅಳತೆ ಪುಸ್ತಕವನ್ನೂ ತರುತ್ತೇನೆ, ಮಳೆ ಬಿದ್ದು ಕೆಲವು ಪುಟ ಕಲೆಯಾಗಿವೆ.

ಹೆಸರಿನ ಮುಂದೆ ಆರ್ಕಿಟೆಕ್ಟ್ ಎಂದು ಹಾಕಿಕೊಂಡಿಲ್ಲ. 1972ರ ಕಾಯ್ದೆ ಪ್ರಕಾರ ಕೌನ್ಸಿಲ್‌ನಲ್ಲಿ ನೋಂದಣಿ ಆಗುವ ತನಕ ಹಾಕುವಂತಿಲ್ಲ. ಫಲಿತಾಂಶ ಬಂದ ಕೂಡಲೇ ಅರ್ಜಿ ಹಾಕುತ್ತೇನೆ.

ವಂದನೆಗಳೊಂದಿಗೆ,
ಸಹನಾ

ಲಗತ್ತು: ಪೋರ್ಟ್‌ಫೋಲಿಯೊ (ಪಿಡಿಎಫ್, 24 ಪುಟ), ಸ್ವವಿವರ (1 ಪುಟ)