ಕಮಠಾಣದ ಬಿದರಿ

ಒಂದು ಬಿದರಿ ಡಬ್ಬಿಯ ಫೋಟೊ ತೆಗೆಯೋದರಲ್ಲೇ ಬೆಳಗೆಲ್ಲ ಹೋಯಿತು. ಬಿಸಿಲಿಗೆ ಇಟ್ಟರೆ ಬೆಳ್ಳಿಯ ಬಳ್ಳಿ ಬರೀ ಬಿಳಿ ಕಲೆ. ನೆರಳಿಗೆ ಇಟ್ಟರೆ ಕರಿ ಮೈಯಲ್ಲಿ ಅಂಬಿಕಾಳ ಮುಖ, ಕೈಯಲ್ಲಿದ್ದ ಮೊಬೈಲು, ಹಿಂದಿನ ನೀರಿನ ಟಾಕಿ ಎಲ್ಲ ಮೂಡುತ್ತಿದ್ದವು. ಕೊನೆಗೆ ಅವಳು ಅಪ್ಪನ ಒಗೆದ ಧೋತರ ತಂದು ಅಂಗಳದ ಹಗ್ಗಕ್ಕೆ ಹರವಿದಳು. ಬಿಸಿಲು ಅದರೊಳಗಿಂದ ಸೋಸಿ ಬಂತು.

"ಅಪ್ಪಾ, ಇಲ್ನೋಡು. ಎಲೆ ತುದಿ ಸೈತ ಕಾಣ್ತದ."

ಶರಣಪ್ಪ ಮೊಬೈಲನ್ನು ದೂರ ಹಿಡಿದು ನೋಡಿದ. ತಾನೇ ಕೆತ್ತಿದ ಎಲೆ. ಅಷ್ಟು ದೊಡ್ಡದಾಗಿ ಅವನು ಯಾವತ್ತೂ ನೋಡಿರಲಿಲ್ಲ.

ಹುಡುಗನಾಗಿದ್ದಾಗ ಬೀದರ್ ಪೇಟೆಯ ಉಸ್ತಾದರ ಹತ್ತಿರ ಕೆಲಸ ಕಲಿತವನು. ಈಗ ಕಮಠಾಣದ ಮನೆಯಲ್ಲೇ ಕುಲುಮೆ, ಅರ, ಉಳಿ ಎಲ್ಲ ಇಟ್ಟುಕೊಂಡಿದ್ದ. ಮಾಡಿದ್ದೆಲ್ಲ ಪೇಟೆಯ ಒಂದು ಅಂಗಡಿಗೆ ಹೋಗುತ್ತಿತ್ತು. ಕೊಳ್ಳುವವರಿಗೆ ಅಂಗಡಿಯ ಹೆಸರು ಗೊತ್ತು, ಇವನದಲ್ಲ. ಡಿಗ್ರಿ ಓದುವ ಮಗಳಿಗೆ ಇದು ಸರಿ ಬರಲಿಲ್ಲ. ಪುಕ್ಕಟೆ ವೆಬ್‌ಸೈಟ್ ಮಾಡಿಕೊಳ್ಳಬಹುದು ಅಂತ ಮೊಬೈಲಿನಲ್ಲೇ ಶುರು ಮಾಡಿದಳು.

"ಹೆಂಗ ಮಾಡ್ತಿ ಅಂತ ಬರೀಬೇಕಪ್ಪಾ. ಹೇಳು."

"ಏನ್ ಹೇಳೋದವ್ವಾ? ಮಾಡೋದು, ಅಷ್ಟೇ."

ಆದರೆ ಹೇಳತೊಡಗಿದ ಮೇಲೆ ಅವನಿಗೇ ನಿಲ್ಲಿಸೋದಕ್ಕೆ ಆಗಲಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯೋದು. ಅರದಿಂದ ಉಜ್ಜಿ ನುಣುಪು ಮಾಡೋದು. ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿಕೊಂಡು ಉಳಿಯಿಂದ ಕೆತ್ತೋದು, ಆ ಸಂದಿಗೆ ಬೆಳ್ಳಿ ತಂತಿ ಕೂಡಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯೋದು. ಕೊನೆಗೆ ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ಕಾಣದ ಜಾಗದ್ದೇ ಆಗಬೇಕು. ನಾಲಿಗೆಗೆ ಇಟ್ಟು ರುಚಿ ನೋಡಿದರೆ ಗೊತ್ತಾಗ್ತದೆ. ಅದನ್ನೂ ನವಸಾಗರವನ್ನೂ ನೀರಿಗೆ ಹಾಕಿ ಕುದಿಸಿದರೆ ಸತುವು ಕರಿ ಆಗ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿತದೆ. ಅಂಬಿಕಾ ಅಷ್ಟನ್ನೂ ಅವನ ಮಾತಿನಲ್ಲೇ ಬರೆದಳು. ಬಿದರಿಗೆ 2006ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದನ್ನೂ ಕೆಳಗೆ ಸೇರಿಸಿದಳು.

ಉಳಿದಿದ್ದು ಬೆಲೆಯ ಕಾಲಂ.

"1,800 ಹಾಕು. ಅಂಗಡಿಯವ್ರು ಅಷ್ಟೇ ಕೊಡ್ತಾರ."

"ಬೆಳ್ಳಿ, ಇದ್ದಿಲು, ಎಲ್ಲ ಸೇರಿ ನಿನ್ನ ಕೈಯಿಂದ ಎಷ್ಟು ಹೋಗ್ತದ?"

"ಒಂಬೈನೂರು."

"ದಿನ?"

"ಮೂರು."

ಅವಳು ಏನೂ ಅನ್ನಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ಅಪ್ಪನ ಮುಂದೆ ಇಟ್ಟಳು. ದಿನಕ್ಕೆ ಮುನ್ನೂರು. ಪಕ್ಕದ ಮನೆಯ ಹುಡುಗ ಗಾರೆ ಕೆಲಸಕ್ಕೆ ಹೋಗಿ ಏಳುನೂರು ತರುತ್ತಿದ್ದ. ಬೆಳ್ಳಿಯನ್ನು ಗುಂಜಿ ಗುಂಜಿ ತೂಗುತ್ತಿದ್ದ ಶರಣಪ್ಪ ತನ್ನ ದಿನವನ್ನು ಎಂದೂ ತೂಗಿರಲಿಲ್ಲ. ಬಹಳ ಹೊತ್ತು ಆ ಹಾಳೆ ನೋಡಿದ.

"3,000 ಹಾಕು," ಅಂದ.

ತಿಂಗಳವರೆಗೆ ಯಾರೂ ಕೇಳಲಿಲ್ಲ. ಆಮೇಲೆ ಧಾರವಾಡದ ಒಬ್ಬ ಮೇಡಂ ಒಂದು ಡಬ್ಬಿ ತರಿಸಿಕೊಂಡರು. ಇಪ್ಪತ್ತು ದಿನಕ್ಕೆ ಫೋನು. ಕಪ್ಪೆಲ್ಲ ಹೋಗಿ ಬೂದಿ ಬಣ್ಣ ಆಗಿದೆ, ಇದೇನು ಮೋಸ ಅಂತ. ಶರಣಪ್ಪನ ಗಂಟಲು ಒಣಗಿತು. ಆದರೂ ಸಮಾಧಾನದಿಂದ ಕೇಳಿದ, "ಏನರ ಹಚ್ಚಿ ತೊಳದೀರೇನ್ರಿ?"

"ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಹಿತ್ತಾಳೆಗೆ ಹಂಗೇ ಮಾಡ್ತೀವಲ್ಲ?"

ಅವರು ತಪ್ಪೇನು ಮಾಡಿದ್ದರು? ಯಾರೂ ಹೇಳಿರಲಿಲ್ಲ. ಅಂಗಡಿಗೆ ಕೊಟ್ಟ ಸಾಮಾನು ಯಾರ ಮನೆಯಲ್ಲಿ ಏನಾಯಿತು ಅಂತ ಇಷ್ಟು ವರ್ಷ ಅವನಿಗೂ ಗೊತ್ತಾಗಿರಲಿಲ್ಲ. ಡಬ್ಬಿ ವಾಪಸ್ ತರಿಸಿ, ಉಜ್ಜಿ, ಮತ್ತೆ ಕೋಟೆ ಮಣ್ಣಿನಲ್ಲಿ ಕುದಿಸಿ ಕರಿ ಮಾಡಿ ಕಳಿಸಿದ. ದುಡ್ಡು ತಗೊಳ್ಳಲಿಲ್ಲ. ಅವತ್ತೇ ರಾತ್ರಿ ಪೇಜಿನಲ್ಲಿ ಬರೆಸಿದ: ಹುಣಸೆ, ನಿಂಬೆ, ಪುಡಿ ಯಾವುದೂ ಬೇಡ. ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಆ ಮೇಡಂ ತಮ್ಮ ತಂಗಿಗೆ ಹೇಳಿದರು, ತಂಗಿ ಇನ್ನಿಬ್ಬರಿಗೆ. "ಯಾಕಿಷ್ಟು ಜಾಸ್ತಿ?" ಅಂತ ಕೇಳಿದವರಿಗೆ ಶರಣಪ್ಪ ಬೆಳ್ಳಿ ಎಷ್ಟು, ದಿನ ಎಷ್ಟು ಅಂತ ಬಿಡಿಸಿ ಹೇಳುತ್ತಿದ್ದ. ಕೆಲವರು ಸುಮ್ನಾದರು, ಕೆಲವರು ತಗೊಂಡರು.

ದಸರೆಯ ಹೊತ್ತಿಗೆ ಅಂಗಡಿಯವರ ಫೋನು ಬಂತು. "ಹತ್ತು ಡಬ್ಬಿ ಬೇಕಪ್ಪಾ. ಹಳೇ ರೇಟು."

"ಸಾಹುಕಾರ್ರೆ, ರೇಟು ಬರದು ಹಾಕೀನ್ರಿ. ಎಲ್ಲಾರಿಗೂ ಅದೇ."

"ನನಗೂ?"

"ಹತ್ತು ತಗೊಂಡ್ರ ಮುನ್ನೂರು ಬಿಡ್ತೀನ್ರಿ. ಅದಕ್ಕಿಂತ ಕೆಳಗ ಆಗಂಗಿಲ್ರಿ."

ಅವರು ಫೋನಿಟ್ಟರು. ಎರಡು ದಿನಕ್ಕೆ ಮತ್ತೆ ಮಾಡಿದರು. "ನಾಲ್ಕು ಕೊಡು. ನಿನ್ನ ರೇಟಿಗೇ."

"ಆಗ್ಲಿರಿ. ಒಂದೊಂದ್ರಾಗ ಒಂದು ಚೀಟಿ ಇಟ್ಟಿರ್ತೀನಿ, ಹುಣಸೆ ಹಚ್ಚಬ್ಯಾಡ್ರಿ ಅಂತ. ತೆಗೀಬ್ಯಾಡ್ರಿ. ಕೆಳಗ ನನ್ನ ಹೆಸರು, ನಂಬರು ಅದ."