ಒಂಬತ್ತನೆಯ ತರಗತಿ: ಮೊದಲ ಸಂಕಲನಾತ್ಮಕ ಪರೀಕ್ಷೆಯ ಫಲಿತಾಂಶ ವಿಶ್ಲೇಷಣೆ

ಮುಖ್ಯೋಪಾಧ್ಯಾಯರಿಗೆ ಮತ್ತು ಸಹೋದ್ಯೋಗಿಗಳಿಗೆ, ತರಗತಿ ಶಿಕ್ಷಕಿಯ ವರದಿ
ಸರಕಾರಿ ಪ್ರೌಢಶಾಲೆ, ಮಲ್ಪೆ ವಲಯ, ಉಡುಪಿ ತಾಲೂಕು

ದಸರಾ ರಜೆಯಲ್ಲಿ ಅಂಕಪಟ್ಟಿಯ ಜೊತೆಗೆ ಅನುತ್ತೀರ್ಣರ ಉತ್ತರ ಪತ್ರಿಕೆಗಳನ್ನೂ ಮತ್ತೊಮ್ಮೆ ಓದಿದೆ. ತರಗತಿಯಲ್ಲಿ 38 ಮಕ್ಕಳಿದ್ದಾರೆ. ಜ್ವರದಿಂದಾಗಿ ಒಬ್ಬಳು ಗಣಿತ ಮತ್ತು ವಿಜ್ಞಾನ ಪರೀಕ್ಷೆ ಬರೆದಿಲ್ಲ. ಆ ಎರಡು ವಿಷಯಗಳ ಲೆಕ್ಕದಿಂದ ಅವಳನ್ನು ಬಿಟ್ಟಿದ್ದೇನೆ. ಉತ್ತೀರ್ಣತೆಗೆ ಶೇ. 35 ಅಂಕ ಇಟ್ಟುಕೊಂಡಿದ್ದೇನೆ.

| ವಿಷಯ | ಬರೆದವರು | ಉತ್ತೀರ್ಣರು | ಶೇಕಡಾ |
|---|---|---|---|
| ಕನ್ನಡ | 38 | 34 | 89 |
| ಇಂಗ್ಲಿಷ್ | 38 | 27 | 71 |
| ಹಿಂದಿ | 38 | 32 | 84 |
| ಗಣಿತ | 37 | 21 | 57 |
| ವಿಜ್ಞಾನ | 37 | 26 | 70 |
| ಸಮಾಜ ವಿಜ್ಞಾನ | 38 | 31 | 82 |

ಎಲ್ಲ ಪರೀಕ್ಷೆ ಬರೆದ 37 ಮಂದಿಯಲ್ಲಿ ಆರೂ ವಿಷಯಗಳಲ್ಲಿ ಉತ್ತೀರ್ಣರಾದವರು 18 ಮಾತ್ರ. ಗಣಿತದ 21 ಉತ್ತೀರ್ಣರಲ್ಲೂ ಆರು ಮಂದಿಯ ಅಂಕ ಶೇ. 35ರಿಂದ 40ರ ನಡುವೆ ಇದೆ. ಒಂದು ಪ್ರಶ್ನೆ ಕೈಕೊಟ್ಟಿದ್ದರೆ ಅವರೂ ಈಚೆ ದಡದಲ್ಲೇ ಉಳಿಯುತ್ತಿದ್ದರು. ಅವರನ್ನು ಪಾಸಾದವರೆಂದು ಮರೆತುಬಿಡುವುದು ಸರಿಯಲ್ಲ.

ಗಣಿತದಲ್ಲಿ ಅನುತ್ತೀರ್ಣರಾದ 16 ಮಂದಿಯ ಪತ್ರಿಕೆಗಳಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣಿಸಿದವು. ಮೊದಲನೆಯದು ಆವರಣದ ಹಿಂದಿನ ಋಣ ಚಿಹ್ನೆ. `3x + 5 − (2x − 7)` ಎಂಬುದಕ್ಕೆ ಒಂಬತ್ತು ಮಕ್ಕಳು `x − 2` ಎಂದು ಬರೆದಿದ್ದಾರೆ, ಬರಬೇಕಾದದ್ದು `x + 12`. ಆವರಣ ತೆಗೆಯುವಾಗ ಒಳಗಿನ ಎರಡನೆಯ ಪದದ ಚಿಹ್ನೆಯೂ ಬದಲಾಗುತ್ತದೆ ಎಂಬುದು ಅವರ ಕೈಗೆ ಇನ್ನೂ ಹತ್ತಿಲ್ಲ. ಇದು ಒಂದು ವಾರದ ಅಭ್ಯಾಸದಲ್ಲಿ ಸರಿಹೋಗುವ ತಪ್ಪು.

ಎರಡನೆಯದು ವಾಕ್ಯರೂಪದ ಲೆಕ್ಕ. ಸಮೀಕರಣವನ್ನೇ ಕೊಟ್ಟರೆ ಬಿಡಿಸುವ ಹನ್ನೊಂದು ಮಕ್ಕಳು, ಅದನ್ನು ಮಾತಿನಲ್ಲಿ ಕೇಳಿದ ಕೂಡಲೇ ಜಾಗ ಖಾಲಿ ಬಿಟ್ಟಿದ್ದಾರೆ ಅಥವಾ ತಿರುವುಮುರುವು ಬರೆದಿದ್ದಾರೆ. ನೋಟ್‌ಬುಕ್ಕಿನ ಬೆಲೆ ಪೆನ್ನಿನ ಬೆಲೆಯ ಎರಡರಷ್ಟು ಎಂಬ ಪ್ರಶ್ನೆಗೆ ಕ್ರಮಸಂಖ್ಯೆ 23ರ ಹುಡುಗಿ, ನೋಟ್‌ಬುಕ್ಕನ್ನು `x`, ಪೆನ್ನನ್ನು `y` ಎಂದು ಇಟ್ಟುಕೊಂಡು `2x = y` ಎಂದು ಬರೆದಿದ್ದಳು. ಅವಳನ್ನು ಕರೆದು ತುಳುವಿನಲ್ಲಿ ಕೇಳಿದೆ: ಪೆನ್ನಿಗೆ ಹತ್ತು ರೂಪಾಯಿ ಆದರೆ ಪುಸ್ತಕಕ್ಕೆ ಎಷ್ಟು? ಇಪ್ಪತ್ತು ಎಂದು ತಕ್ಷಣ ಹೇಳಿದಳು. ತನ್ನ ಸಮೀಕರಣಕ್ಕೆ ಆ ಎರಡು ಸಂಖ್ಯೆಗಳನ್ನು ಹಾಕಿ ನೋಡಿ ತಾನೇ ತಿದ್ದಿಕೊಂಡಳು. ಅವಳಿಗೆ ಲೆಕ್ಕ ಬರುತ್ತದೆ. ಪುಸ್ತಕದ ವಾಕ್ಯವನ್ನು ಒಡೆದು ಓದುವುದು ಬರುವುದಿಲ್ಲ. ಆದ್ದರಿಂದ ಗಣಿತದ ಈ ಕೊರತೆಗೆ ಕನ್ನಡ ಶಿಕ್ಷಕರ ನೆರವೂ ಬೇಕು.

ವಿಜ್ಞಾನದಲ್ಲಿ ಮಳೆ ರಜೆಗಳಿಂದಾಗಿ ಕೊನೆಯ ಪಾಠವನ್ನು ಅವಸರದಲ್ಲಿ ಮುಗಿಸಿದ್ದೆವು. ಅಂಕ ಹೆಚ್ಚು ಹೋಗಿರುವುದೂ ಅಲ್ಲೇ, ಅದನ್ನು ಮತ್ತೆ ಮಾಡಬೇಕು. ಇಂಗ್ಲಿಷ್‌ನಲ್ಲಿ ಪತ್ರಲೇಖನವನ್ನು ಮುಟ್ಟದೆ ಬಿಟ್ಟವರೇ ಬಹಳ.

ನೆರವು ಬೇಕಾದ 19 ಮಂದಿ ಒಂದೇ ಬಗೆಯವರಲ್ಲ. ಐವರು ಗಣಿತದಲ್ಲಿ ಮಾತ್ರ, ಮೂವರು ಇಂಗ್ಲಿಷ್‌ನಲ್ಲಿ ಮಾತ್ರ, ಇನ್ನು ಮೂವರು ಗಣಿತ ಮತ್ತು ವಿಜ್ಞಾನದಲ್ಲಿ ಹಿಂದಿದ್ದಾರೆ. ಈ ಹನ್ನೊಂದು ಮಂದಿಗೆ ವಿಷಯವಾರು ವಿಶೇಷ ತರಗತಿ ಸಾಕು.

ಉಳಿದ ಎಂಟು ಮಂದಿ ನಾಲ್ಕು ಅಥವಾ ಹೆಚ್ಚು ವಿಷಯಗಳಲ್ಲಿ ಅನುತ್ತೀರ್ಣರು. ನನ್ನ ಚಿಂತೆ ಇವರದು. ಅವರಲ್ಲಿ ಇಬ್ಬರ ಮನೆಮಾತು ಹಿಂದಿ. ಹಿಂದಿಯಲ್ಲಿ ಪಾಸಾಗಿ ಕನ್ನಡದಲ್ಲಿ ಬಿದ್ದಿದ್ದಾರೆ. ಅವರಿಗೆ ಮೊದಲು ಬೇಕಾದದ್ದು ಕನ್ನಡದ ಓದು, ಆಮೇಲೆ ಮಿಕ್ಕ ಪಾಠ. ಐವರ ಹಾಜರಾತಿ ಆಗಸ್ಟ್‌ನಿಂದೀಚೆಗೆ ಇಳಿದಿದೆ. ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಕ್ರಮಸಂಖ್ಯೆ 14ರ ಹುಡುಗ ನಸುಕಿನಲ್ಲೇ ಬಂದರಿಗೆ ತಾಯಿಯ ಬುಟ್ಟಿ ಹೊರಲು ಹೋಗಿ, ಶಾಲೆ ಮುಟ್ಟುವಾಗ ಮೊದಲ ಅವಧಿ ಮುಗಿದಿರುತ್ತದೆ. ನಮ್ಮ ವೇಳಾಪಟ್ಟಿಯಲ್ಲಿ ವಾರದ ನಾಲ್ಕು ದಿನ ಮೊದಲ ಅವಧಿಯೇ ಗಣಿತ. ಅವನು ಗಣಿತದಲ್ಲಿ ದಡ್ಡನೆಂದು ನಾವು ಹೇಗೆ ಹೇಳುವುದು?

ಆದುದರಿಂದ ಕೇಳಿಕೊಳ್ಳುವುದು ಇಷ್ಟು. ಗಣಿತದ ಅವಧಿಯನ್ನು ಮೂರನೆಯದಕ್ಕೆ ಬದಲಾಯಿಸಬೇಕು. ಮಂಗಳವಾರ ಮತ್ತು ಗುರುವಾರ ಸಂಜೆ ಐವತ್ತು ನಿಮಿಷ ಪರಿಹಾರ ಬೋಧನೆಗೆ ಅನುಮತಿ ಬೇಕು. ಬೆಳಿಗ್ಗೆ ಇಟ್ಟರೆ ಬರಬೇಕಾದವರೇ ಬರುವುದಿಲ್ಲ. ದಡದಲ್ಲಿರುವ ಆರು ಮಂದಿಯನ್ನೂ ಅದಕ್ಕೆ ಕೂರಿಸುತ್ತೇನೆ. ಎಂಟು ಮಕ್ಕಳ ಮನೆಗೆ ಮುಂದಿನ ಎರಡು ಶನಿವಾರ ನಾನೇ ಹೋಗುತ್ತೇನೆ, ಹಿಂದಿ ಶಿಕ್ಷಕರು ಜೊತೆಗೆ ಬರಲು ಒಪ್ಪಿದ್ದಾರೆ. ಜ್ವರದಿಂದ ತಪ್ಪಿಸಿಕೊಂಡವಳಿಗೆ ಇದೇ ವಾರ ಎರಡು ಪರೀಕ್ಷೆ ನಡೆಸುತ್ತೇವೆ. ನವೆಂಬರ್ ಕೊನೆಯ ವಾರ ಇದೇ ಬಗೆಯ ಪ್ರಶ್ನೆಗಳ ಕಿರುಪರೀಕ್ಷೆ ಕೊಟ್ಟು, ಋಣ ಚಿಹ್ನೆಯ ಒಂಬತ್ತು ಮತ್ತು ವಾಕ್ಯರೂಪದ ಲೆಕ್ಕದ ಹನ್ನೊಂದು ಎಷ್ಟಕ್ಕೆ ಇಳಿದವೆಂದು ಡಿಸೆಂಬರ್ ಸಭೆಯಲ್ಲಿ ತಿಳಿಸುತ್ತೇನೆ.