ಉತ್ತರ ಪತ್ರಿಕೆಯ ಮರು ಮೌಲ್ಯಮಾಪನ ಕೋರಿ ಮನವಿ

ದಿನಾಂಕ: 18-07-2025

ಇವರಿಂದ,
ಸುಧಾ ಎನ್.
ಬಿ.ಎ. ಆರನೆಯ ಸೆಮಿಸ್ಟರ್, ನೋಂದಣಿ ಸಂಖ್ಯೆ 2204117
ಸರ್ಕಾರಿ ಪ್ರಥಮ ದರ್ಜೆ ಕಾಲೇಜು

ಇವರಿಗೆ,
ಕುಲಸಚಿವರು (ಮೌಲ್ಯಮಾಪನ)
ಪರೀಕ್ಷಾ ವಿಭಾಗ, ವಿಶ್ವವಿದ್ಯಾಲಯ

ಮೂಲಕ: ಪ್ರಾಂಶುಪಾಲರು

ಮಾನ್ಯರೇ,

ವಿಷಯ: ಆಧುನಿಕ ಮೈಸೂರು ಇತಿಹಾಸ ಪತ್ರಿಕೆಯ ಮರು ಮೌಲ್ಯಮಾಪನದ ಬಗ್ಗೆ.

ಈ ಪತ್ರಿಕೆಯಲ್ಲಿ ನನಗೆ 80ಕ್ಕೆ 41 ಅಂಕ ಬಂದಿದೆ. ಉಳಿದ ಯಾವ ಪತ್ರಿಕೆಯಲ್ಲೂ 58ಕ್ಕಿಂತ ಕಡಿಮೆಯಿಲ್ಲದ ಕಾರಣ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ನಕಲು ಪಡೆದೆ. ಅದು ಮೊನ್ನೆ 16ರಂದು ಕೈ ಸೇರಿತು. ಎರಡು ಕಡೆ ದೋಷ ಕಂಡಿದೆ.

ಮೊದಲನೆಯದು, 15 ಅಂಕದ 19ನೆಯ ಪ್ರಶ್ನೆ. ರಂಗಾಚಾರ್ಲು ಅವರ ಕಾಲದಲ್ಲಿ 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ಕುರಿತ ನನ್ನ ಉತ್ತರ 27ರಿಂದ 29ನೆಯ ಪುಟದವರೆಗೆ ಇದೆ. ಅಲ್ಲೆಲ್ಲೂ ಕೆಂಪು ಶಾಯಿಯ ಗುರುತಿಲ್ಲ. ಮುಖಪುಟದ ಅಂಕಪಟ್ಟಿಯಲ್ಲೂ ಆ ಪ್ರಶ್ನೆಯ ಮುಂದಿನ ಕೋಶ ಖಾಲಿಯಾಗಿದೆ. ಇದರಲ್ಲಿ ನನ್ನ ಪಾಲೂ ಇದೆ: 26ನೆಯ ಪುಟವನ್ನು ಪೂರ್ತಿ ಖಾಲಿ ಬಿಟ್ಟಿದ್ದೇನೆ. ಉತ್ತರ ಅಲ್ಲಿಗೇ ಮುಗಿಯಿತೆಂದು ಮೌಲ್ಯಮಾಪಕರು ಭಾವಿಸಿರಬಹುದು. ಪೂರ್ಣ ಅಂಕ ಬರಬೇಕೆಂದು ನಾನು ಹೇಳುತ್ತಿಲ್ಲ. ಸಮಯ ಸಾಲದೆ ಕೊನೆಯ ಭಾಗ ಅರ್ಧಕ್ಕೇ ನಿಂತಿದೆ. ಬರೆದಷ್ಟನ್ನಾದರೂ ಓದಬೇಕೆಂಬುದೇ ನನ್ನ ಕೋರಿಕೆ.

ಎರಡನೆಯದು, 14ನೆಯ ಪ್ರಶ್ನೆ. ನಗರ ದಂಗೆಯ ಬಳಿಕ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡದ್ದು 1831ರಲ್ಲಿ ಎಂದು ಬರೆದಿದ್ದೇನೆ. ಅದಕ್ಕೆ ಸುತ್ತು ಹಾಕಿ 1881 ಎಂದು ತಿದ್ದಿ, 6ಕ್ಕೆ 1 ಅಂಕ ನೀಡಲಾಗಿದೆ. ಆದರೆ 1881 ಸಂಸ್ಥಾನವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿ ಒಪ್ಪಿಸಿದ ವರ್ಷ. ನಡುವಿನ ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. ಪ್ರಶ್ನೆಯೂ ಅದರ ಬಗ್ಗೆಯೇ ಇತ್ತು.

ಅ ವಿಭಾಗದ 14, ಆ ವಿಭಾಗದ 18, ಇ ವಿಭಾಗದ 9 ಸೇರಿ 41 ಆಗುತ್ತದೆ, ಕೂಡಿದ್ದರಲ್ಲಿ ತಪ್ಪಿಲ್ಲ. ಹೀಗಾಗಿ ಮರು ಎಣಿಕೆಯಿಂದ ನನಗೆ ಪ್ರಯೋಜನವಿಲ್ಲ. ಪತ್ರಿಕೆಯನ್ನು ಬೇರೊಬ್ಬ ಮೌಲ್ಯಮಾಪಕರಿಂದ ಮರು ಮೌಲ್ಯಮಾಪನ ಮಾಡಿಸಬೇಕೆಂದು ವಿನಂತಿಸುತ್ತೇನೆ. ಎಂ.ಎ. ಪ್ರವೇಶಕ್ಕೆ ಮುಂದಿನ ತಿಂಗಳು ಅರ್ಜಿ ಹಾಕಬೇಕಿದೆ. ಅದಕ್ಕೆ ಮುನ್ನ ಫಲಿತಾಂಶ ದೊರೆತರೆ ಉಪಕಾರವಾಗುತ್ತದೆ.

ಲಗತ್ತು: ಮರು ಮೌಲ್ಯಮಾಪನದ ನಿಗದಿತ ಅರ್ಜಿ, ಶುಲ್ಕದ ರಸೀದಿ, ಅಂಕಪಟ್ಟಿಯ ಪ್ರತಿ, ಉತ್ತರ ಪತ್ರಿಕೆಯ ನಕಲು (ಮುಖಪುಟ, 14ನೆಯ ಪ್ರಶ್ನೆಯ ಪುಟ, 26ರಿಂದ 29ನೆಯ ಪುಟಗಳು).

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುಧಾ ಎನ್.